ರಿಕ್ವೆಸ್ಟ್ ಒಪ್ಪಲಿಲ್ಲ ಅಂತ ಬೇಜಾರಾದವರಿಗೆ



ಫೇಸ್‌ಬುಕ್ಕಿನಲ್ಲಿ ಒಬ್ಬರಿಗೆ 5000 ಗೆಳೆಯರಿಗಷ್ಟೇ ಜಾಗ. ನಾನು ಅದರ ಹತ್ತಿರ ಬಂದಿದ್ದೇನೆ, ಇನ್ನೂ ಮುನ್ನೂರು ಚಿಲ್ಲರೆ ರಿಕ್ವೆಸ್ಟ್ ಹಂಗೇ ಕುಂತಾವೆ. "ಅಣ್ಣ ದೊಡ್ಡ ಮನುಷ್ಯ ಆಗ್ಯಾನ" ಅಂತ ಮಾನ್ವಿ ಕಡೆ ಮಾತು ನಡೆದಿದೆಯಂತೆ. ಅದಕ್ಕೇ ಇದನ್ನು ಬರೀತಿದೀನಿ.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದೌರ್ಜನ್ಯದ ಕೇಸು ನಡೆದಿದೆ. ಊರಿನ ಹೆಸರು ಬೇಡ. ಅದರಲ್ಲಿ ಸಾಕ್ಷಿ ಹೇಳಬೇಕಾದ ಹುಡುಗ ನನಗೆ ರಿಕ್ವೆಸ್ಟ್ ಕಳಿಸಿದ. ನಾನು ಒಪ್ಪಲಿಲ್ಲ. ಎಂಟು ದಿನ ಆದ ಮ್ಯಾಲೆ ಫೋನ್ ಮಾಡಿ, "ಯಾಕಣ್ಣ, ನನ್ನ ಮ್ಯಾಲೆ ಸಿಟ್ಟೇನ್ರಿ?" ಅಂದ. "ಸಿಟ್ಟಲ್ಲ ತಮ್ಮಾ, ನಿನ್ನ ಸಾಕ್ಷಿ ಮುಗಿಯೋತನ ಫೇಸ್‌ಬುಕ್‌ನ್ಯಾಗ ನಾವಿಬ್ರೂ ಪರಿಚಯ ಇಲ್ಲ" ಅಂದೆ.

ಕಾರಣ ಹೇಳ್ತೀನಿ, ಸ್ವಲ್ಪ ನಿಧಾನಕ್ಕೆ ಓದಿ. ನನ್ನ ಗೆಳೆಯರ ಪಟ್ಟಿಯನ್ನು ನಾನು Only me ಅಂತ ಇಟ್ಟಿದೀನಿ. ಬಹಳ ಜನ ಅಷ್ಟು ಮಾಡಿದರೆ ಪಟ್ಟಿ ಪೂರ್ತಿ ಮುಚ್ಚಿತು ಅಂತ ತಿಳ್ಕೊಂಡಿದ್ದಾರೆ. ಮುಚ್ಚಲ್ಲ. ಮ್ಯೂಚುವಲ್ ಫ್ರೆಂಡ್ಸ್ ಅಂದರೆ ಇಬ್ಬರಿಗೂ ಗೆಳೆಯರಾದವರು ಕಾಣಿಸ್ತಾನೇ ಇರ್ತಾರೆ. ಆ ಹುಡುಗನಿಗೆ ತನ್ನೂರಿನ ಗೌಡರ ಮನೆ ಹುಡುಗರೂ ಫ್ರೆಂಡ್ಸೇ, ಒಂದೇ ಶಾಲೆಯಲ್ಲಿ ಓದಿದವರು. ನಾನು ಅವನನ್ನು ಒಪ್ಪಿದರೆ, ಅವರಲ್ಲಿ ಒಬ್ಬ ನನ್ನ ಪ್ರೊಫೈಲ್ ತೆಗೆದ ಕೂಡಲೇ ಇವನ ಹೆಸರು ಕಾಣುತ್ತೆ. ಅವನು ನನ್ನ ಗೆಳೆಯ ಆಗಿರಬೇಕು ಅಂತನೂ ಇಲ್ಲ. ಸಂಜೆಯೊಳಗೆ "ರಾಯಚೂರಿನವನ ಜೋಡಿ ಸೇರ್ಯಾನ" ಅನ್ನೋ ಸುದ್ದಿ ಕಟ್ಟೆಗೆ ಬರುತ್ತೆ. ಮರುದಿನದಿಂದ ಅವರವ್ವನಿಗೆ ಹತ್ತಿ ಬಿಡಿಸೋ ಕೂಲಿ ಇಲ್ಲ. ಸಾಕ್ಷಿಗಳು ತಿರುಗಿ ಬೀಳೋದು ಹಿಂಗೇ, ಕೋರ್ಟಿನಲ್ಲಲ್ಲ, ಹೊಲದಲ್ಲಿ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಂ ಸಾಕ್ಷಿಗಳ ರಕ್ಷಣೆಯನ್ನು ಸರ್ಕಾರದ ಹೊಣೆ ಮಾಡಿದೆ, ನಿಜ. ಕಟ್ಟೆ ಮ್ಯಾಲೆ ಮೊಬೈಲ್ ಹಿಡಕೊಂಡು ಕುಂತವರ ಕಣ್ಣಿಗೆ ಆ ಕಲಂ ಅಡ್ಡ ಬರಲ್ಲ.

ಅನುಮಾನ ಇದ್ದರೆ ನೀವೇ ನೋಡ್ರಿ. ಪಟ್ಟಿ Only me ಮಾಡಿ, ನಿಮ್ಮೂರಿನ ಯಾರದಾದರೂ ಫೋನಿನಲ್ಲಿ ನಿಮ್ಮ ಪ್ರೊಫೈಲ್ ತೆರೀರಿ. ಎಷ್ಟು ಹೆಸರು ಬರ್ತಾವೆ ಎಣಿಸ್ರಿ.

ಹಾಗಾಗಿ ಕೇಸು ಕೊಟ್ಟವರು, ಸಾಕ್ಷಿಗಳು, ಅವರ ಮನೆಯವರು ನನ್ನ ಪಟ್ಟಿಯಲ್ಲಿ ಇಲ್ಲ. ಅವರ ನಂಬರ್ ಡೈರಿಯಲ್ಲಿ ಇರುತ್ತೆ. ಬಂದ ರಿಕ್ವೆಸ್ಟನ್ನು ಹಂಗೇ ಬಿಟ್ಟರೂ, ಡಿಲೀಟ್ ಮಾಡಿದರೂ ಕಳಿಸಿದವರಿಗೆ ನೋಟಿಫಿಕೇಶನ್ ಹೋಗಲ್ಲ. ಆದರೆ ನಾನೇ ಫೋನ್ ಮಾಡಿ ಹೇಳ್ತೀನಿ, ಇಲ್ಲಾಂದ್ರೆ ಮನಸು ಮುರಿಯುತ್ತೆ.

ಕಣ್ಣು ಮುಚ್ಚಿ ಒಪ್ಪೋದು ಯಾರನ್ನ ಅಂದ್ರೆ, ದೇವದುರ್ಗದಲ್ಲಿ ಅರ್ಜಿ ಟೈಪ್ ಮಾಡಿಕೊಡೋ ಝೆರಾಕ್ಸ್ ಅಂಗಡಿಯವರು, ಮಾನ್ವಿಯ ವಕೀಲರು, ಹಾಸ್ಟೆಲ್ ಹುಡುಗರು, ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡೋ ನಮ್ಮ ಮಂದಿ. ಇವರು ಲೈಕ್ ಒತ್ತೋದು ಕಮ್ಮಿ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಎತ್ತುತ್ತಾರೆ. ಕಚೇರಿಯ ಸಾಹೇಬರು, ಜೊತೆಗಾರರು ಕಳಿಸಿದರೂ ಒಪ್ತೀನಿ, ಆದರೆ ಕೂಡಲೇ Restricted ಪಟ್ಟಿಗೆ ಹಾಕ್ತೀನಿ. ಆಗ ನಾನು ಎಲ್ಲರಿಗೂ ಅಂತ ಹಾಕಿದ್ದು ಮಾತ್ರ ಅವರಿಗೆ ಕಾಣುತ್ತೆ. ಗುಮಾಸ್ತನ ಹೊಟ್ಟೆಪಾಡು, ಏನು ಮಾಡೋದು.

ಬಾಬಾಸಾಹೇಬರ ಡಿಪಿ ನೋಡಿ ಒಪ್ಪಬೇಡ್ರಿ. ಅಂಥ ಒಂದು ಖಾತೆಗೆ ನನ್ನ ಅರವತ್ತು ಮಂದಿ ಗೆಳೆಯರು ಮ್ಯೂಚುವಲ್ ಇದ್ದರು. ಕೆಳಗೆ ಇಳಿಸಿ ನೋಡಿದರೆ ಖಾತೆ ತೆರೆದು ಮೂರು ವಾರ, ಒಂದೂ ಊರಿನ ಫೋಟೋ ಇಲ್ಲ. ಆ ಅರವತ್ತರಲ್ಲಿ ಐದು ಜನಕ್ಕೆ ಫೋನ್ ಮಾಡಿದೆ, ಒಬ್ಬರಿಗೂ ಅವನ ಮುಖ ಗೊತ್ತಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಒಪ್ಪಿದ್ದರು, ಅಷ್ಟೇ. ಡಿಲೀಟ್ ಮಾಡಿದೆ.

ಇನ್ನು ತೆಗೆದು ಹಾಕಿದವರ ಮಾತು. ಒಳಮೀಸಲಾತಿ ಬಗ್ಗೆ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನಮ್ಮವರು ನಮ್ಮವರನ್ನೇ ಅನ್‌ಫ್ರೆಂಡ್ ಮಾಡಿದರು. ನಾನು ಅಭಿಪ್ರಾಯಕ್ಕಾಗಿ ಯಾರನ್ನೂ ತೆಗೆದಿಲ್ಲ. ಎಡಗೈಯವರು, ಬಲಗೈಯವರು ನನ್ನ ಗೋಡೆ ಮ್ಯಾಲೆ ತಿಂಗಳುಗಟ್ಟಲೆ ಬಡಿದಾಡಿದರು, ಬಡಿದಾಡಲಿ. ಒಬ್ಬರ ಕುಲದ ಹೆಸರನ್ನೇ ಬೈಗುಳ ಮಾಡಿ ಬರೆದ ಹನ್ನೊಂದು ಮಂದಿಯನ್ನು ಮಾತ್ರ ತೆಗೆದೆ. ಅದರಲ್ಲಿ ಇಬ್ಬರು ನನ್ನ ಸಂಬಂಧಿಕರು. ಅವರಿಗೂ ಮೊದಲು ಫೋನ್ ಮಾಡಿದ್ದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು ಎತ್ತಿ, ಮತ್ತೆ ಅದನ್ನೇ ಅಂದರು.