ಹೋಗು ಎನ್ನದ ಪಯಣದ ಕವಿತೆ

ನಮ್ಮ ಶಾಲೆಯ ಗಣಿತದ ಮಾಸ್ತರರು ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ನಿವೃತ್ತರಾದ ದಿನ, ಪೂಜ್ಯರ ಸನ್ನಿಧಿಯಲ್ಲಿ ನಾನು ಆಡಿದ ನಾಲ್ಕು ಮಾತುಗಳನ್ನು ಸಂಪಾದಕರ ಅಪೇಕ್ಷೆಯಂತೆ ಇಲ್ಲಿ ಬರೆದಿರುವೆನು. ಅವರ ಗುಣಗಳನ್ನು ಇತರರು ಬಣ್ಣಿಸಿದರು. ನಾನು ಆರಿಸಿಕೊಂಡದ್ದು ಅವರಿಗೆ ಪ್ರಿಯವಾದ ಒಂದು ಚಿಕ್ಕ ಕವಿತೆಯನ್ನು: ಕುವೆಂಪು ಅವರ ‘ಅನಿಕೇತನ’.

ಇದು ಪಯಣದ ಕವಿತೆ. ನಿಲ್ಲಬೇಡ, ಮನೆ ಕಟ್ಟಬೇಡ, ಕೊನೆ ಮುಟ್ಟಬೇಡ ಎಂದು ಕವಿ ವಿಧಿಸುತ್ತಾರೆ. ಮೂರು ದಶಕ ಮರಳಿ ಬಿಟ್ಟು ಕದಲದ ಮಾಸ್ತರರಿಗೆ ಇಂಥ ಕವಿತೆ ಹೇಗೆ ಒಪ್ಪೀತು? ಉತ್ತರವು ಶೀರ್ಷಿಕೆಯಲ್ಲಿಯೇ ಇದೆ.

ಮಕ್ಕಳು ಈ ಪದವನ್ನು ‘ಅನ್ + ಇಕೇತನ’ ಎಂದು ಬಿಡಿಸುವುದುಂಟು. ಅದು ತಪ್ಪು. ‘ಕಿತ್’ ಧಾತುವಿಗೆ ವಾಸಿಸು ಎಂಬ ಅರ್ಥವುಂಟು; ‘ನಿ’ ಉಪಸರ್ಗ ಸೇರಿ ‘ನಿಕೇತನ’, ಎಂದರೆ ವಾಸದ ಮನೆ. ನಿಷೇಧವು ವ್ಯಂಜನದ ಹಿಂದೆ ‘ಅ’ ಆಗಿಯೂ ಸ್ವರದ ಹಿಂದೆ ‘ಅನ್’ ಆಗಿಯೂ ನಿಲ್ಲುತ್ತದೆ. ಆದುದರಿಂದ ‘ಅ + ನಿಕೇತನ’, ಆದರೆ ‘ಅನ್ + ಅಂತ’. ಇದನ್ನು ತತ್ಪುರುಷವೆಂದರೆ ‘ಮನೆಯಲ್ಲದ್ದು’ ಎಂದಾಗುತ್ತದೆ. ಬಹುವ್ರೀಹಿ ಎಂದರೆ ‘ಯಾವುದಕ್ಕೆ ಮನೆಯಿಲ್ಲವೋ ಅದು’. ಕವಿಗೆ ಬೇಕಾದುದು ಎರಡನೆಯದು. ಹಾಗಾದರೆ ಮನೆಯಿಲ್ಲದ್ದು ಯಾವುದು? ಕವಿ ಕರೆಯುವುದು ದೇಹವನ್ನಲ್ಲ, ಚೇತನವನ್ನು. ಅಲೆಮಾರಿಯಾಗೆಂದು ಮನುಷ್ಯನಿಗೆ ಹೇಳಿದ ಮಾತು ಇದಲ್ಲ. ಸ್ವತಃ ಕುವೆಂಪು ಮೈಸೂರಿನಲ್ಲಿ ‘ಉದಯರವಿ’ ಎಂಬ ಮನೆಯಲ್ಲಿ ದೀರ್ಘಕಾಲ ಬಾಳಿದರು. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿಯೂ ‘ಅನಿಕೇತ’ ಎಂಬ ವಿಶೇಷಣದ ಬೆನ್ನಿಗೇ ‘ಸ್ಥಿರಮತಿ’ ಎಂಬುದು ಬರುತ್ತದೆ. ಮನೆಯಿಲ್ಲದಿರುವುದಕ್ಕೂ ಸ್ಥಿರವಾಗಿರುವುದಕ್ಕೂ ವಿರೋಧವಿಲ್ಲ.

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಈ ಪದ್ಯ ನಡೆಯುತ್ತಿರುವಾಗ ಒಬ್ಬ ಹುಡುಗ ಎದ್ದು, “ನಮ್ಮಪ್ಪ ಸಾಲಾ ಮಾಡಿ ಮನಿ ಕಟ್ಟಾಕ ಹತ್ತ್ಯಾನ್ರೀ ಸರ್. ಕವಿಗಳು ಕಟ್ಟಬ್ಯಾಡ ಅಂತಾರಲ್ರೀ?” ಎಂದು ಕೇಳಿದನು. ಬಾಗಿಲಲ್ಲಿ ಹಾಯುತ್ತಿದ್ದ ಮಾಸ್ತರರು ನನ್ನ ಅಪ್ಪಣೆ ಪಡೆದು ಒಳಬಂದರು. “ಎಲ್ಲಕ್ಕೂ ದೊಡ್ಡ ಸಂಖ್ಯೆ ಹೇಳಪ್ಪಾ” ಎಂದರು. ಹುಡುಗ “ಕೋಟಿ” ಎಂದ. “ಒಂದು ಕೂಡಿಸು” ಎಂದರು. ಅವನು “ನೂರು ಕೋಟಿ” ಎಂದ. “ಒಂದು ಕೂಡಿಸು” ಎಂದರು. ಹುಡುಗ ನಕ್ಕು ಕುಳಿತನು. “ಕೋಟಿ ಸುಳ್ಳಲ್ಲ, ತಮ್ಮಾ. ಅದೇ ಕೊನೆ ಅನ್ನೋದು ಸುಳ್ಳು. ಅಪ್ಪ ಮನಿ ಕಟ್ಟಲಿ, ನೀನು ನಿನ್ನ ತಿಳಿವಳಿಕೆಗೆ ಗೋಡಿ ಕಟ್ಟಬ್ಯಾಡ” ಎಂದು ಹೇಳಿ ಹೊರಟುಹೋದರು. ‘ಅನಂತ’ ಶಬ್ದಕ್ಕೆ ಅಂದಿನಿಂದ ನಾನು ಬೇರೆ ವ್ಯಾಖ್ಯಾನ ಹೇಳಿಲ್ಲ.

ಇನ್ನೊಂದು ಮಾತು. ನೂರು ಮತಗಳ ಹೊಟ್ಟನ್ನು ತೂರುವ ರೂಪಕವೊಂದು ಈ ಕವಿತೆಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಈ ಸೀಮೆಯಲ್ಲಿ ಇಂದು ಯಂತ್ರವೇ ಕೊಯ್ದು ಕಾಳು ಬೇರ್ಪಡಿಸುವುದರಿಂದ, ತೂರುವುದನ್ನು ಕಂಡ ಮಕ್ಕಳು ವಿರಳ. ಮೊರವನ್ನೆತ್ತಿ ಗಾಳಿಗೆ ಸುರಿದಾಗ ಹಗುರವಾದ ಹೊಟ್ಟು ದೂರ ಹಾರುತ್ತದೆ, ತೂಕವುಳ್ಳ ಕಾಳು ಕಾಲ ಬಳಿಯೇ ಬೀಳುತ್ತದೆ. ಆದ್ದರಿಂದ ತೂರುವುದೆಂದರೆ ಎಲ್ಲವನ್ನೂ ಎಸೆಯುವುದಲ್ಲ, ಕಾಳನ್ನು ಉಳಿಸಿಕೊಳ್ಳುವುದು. ಹೊಟ್ಟನ್ನಷ್ಟೇ ನೋಡಿದವನು ಈ ಕವಿತೆಯನ್ನು ನಿರಾಕರಣೆಯ ಕವಿತೆಯೆಂದು ತಿಳಿಯುತ್ತಾನೆ.

ಕಡೆಯದಾಗಿ ಕ್ರಿಯಾಪದವನ್ನು ಗಮನಿಸಬೇಕು. ಪಯಣದ ಕವಿತೆಯಾದರೂ ಇದರಲ್ಲಿ ‘ಹೋಗು’ ಎಂಬ ಆಜ್ಞೆಯೇ ಇಲ್ಲ. ಮತ್ತೆ ಮತ್ತೆ ಕೇಳಿಬರುವುದು ‘ಆಗು’. ಹೋಗುವವನು ಒಂದೆಡೆಯನ್ನು ಬಿಡಬೇಕು. ಆಗುವವನು ನಿಂತಲ್ಲಿಯೇ ಬೆಳೆಯಬಲ್ಲ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಮಕ್ಕಳೆದುರು ಅದೇ ಪ್ರಮೇಯವನ್ನು ಹೊಸದಾಗಿ ಬಿಡಿಸಲು ತೊಡಗಿದ ಮಾಸ್ತರರು ಒಂದೇ ಕೊಠಡಿಯಲ್ಲಿ ಮೂವತ್ತೊಂದು ಪಯಣ ಮಾಡಿದವರು.

ಹಿಂದಿನ ದಿನ ಕಪಾಟಿನ ಬೀಗದ ಕೈ ಒಪ್ಪಿಸುವಾಗ ಅವರು, “ಪಂಡಿತರೇ, ನಾಳೆಯಿಂದ ನಾನು ಯಾರು?” ಎಂದು ಕೇಳಿದ್ದರು. ಆಗ ಉತ್ತರ ಕೊಡಲಾಗಲಿಲ್ಲ, ಸಭೆಯಲ್ಲಿ ಕೊಟ್ಟೆನು. ಮಾಸ್ತರರೇ, ಹುದ್ದೆಯು ನಿಕೇತನ. ಅದಕ್ಕೆ ಬಾಗಿಲೂ ಉಂಟು, ಬೀಗವೂ ಉಂಟು. ಲೆಕ್ಕ ಬಿಡಿಸುವ ಚೇತನ ಆ ಬೀಗಕ್ಕೆ ಸಿಕ್ಕದು. ತಾವು ಅರವತ್ತಕ್ಕೆ ಮುಟ್ಟಿದ್ದೀರಿ. ತಮ್ಮ ಮಾತಿನಂತೆಯೇ, ಒಂದು ಕೂಡಿಸಿರಿ.

ಕುಷ್ಟಗಿ ಸೀಮೆಯ ತಮ್ಮ ಎರೆಹೊಲದ ಊರಿಗೆ ಅವರು ಹೊರಟರು. ಕನ್ನಡಿಗರು ಬೀಳ್ಕೊಡುವಾಗ ‘ಹೋಗಿ’ ಎಂದು ನಿಲ್ಲಿಸುವುದಿಲ್ಲ, ‘ಹೋಗಿ ಬನ್ನಿ’ ಎನ್ನುತ್ತಾರೆ. ನಮಗಂತೂ ಆ ಮಾತನ್ನು ಊರ ಹೆಸರೇ ಹೇಳಿಕೊಡುತ್ತದೆ: ಮಾಸ್ತರರೇ, ಮರಳಿಗೆ ಮರಳಿ ಬನ್ನಿರಿ.