ಗೂಡಿನ ದರದ ಗೆರೆ

ರಾಮನಗರದಲ್ಲಿ ನಾನು ಡಿಟಿಪಿ ಅಂಗಡಿ ಹಾಕಿದಾಗ ಊರಿನಲ್ಲಿ ಬೋರ್ಡು ಬರೆಯುವ ಪೇಂಟರುಗಳಿಗೆ ಇನ್ನೂ ಕೈತುಂಬ ಕೆಲಸವಿತ್ತು. ಅಂಗೈಯಗಲದ ಚಿತ್ರ ಕೊಟ್ಟರೆ ಅದರ ಮೇಲೆ ಚೌಕ ಎಳೆದು, ಗೋಡೆಯಗಲದ ಬಟ್ಟೆಯ ಮೇಲೂ ಅಷ್ಟೇ ಚೌಕ ಎಳೆದು, ಗೆರೆಯನ್ನು ಹೊಸದಾಗಿ ಬರೆಯುತ್ತಿದ್ದರು. ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿಯೇ ಇರುತ್ತಿತ್ತು. ಎಸ್‌ವಿಜಿ ಕಡತ ಮಾಡುವುದೂ ಅದೇ ಕೆಲಸ. ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಲೆಕ್ಕ ಮಾತ್ರ ಅದರಲ್ಲಿರುತ್ತದೆ. ಬೇಕಾದ ಅಳತೆಯಲ್ಲಿ ಗೆರೆ ಮತ್ತೆ ಮೂಡುತ್ತದೆ. ಪಿಎನ್‌ಜಿ ಹಾಗಲ್ಲ. ಅದು ಒಮ್ಮೆ ಎಣಿಸಿಟ್ಟ ಚುಕ್ಕಿಗಳ ರಾಶಿ.

ಆಮೇಲೆ ಫ್ಲೆಕ್ಸ್ ಬಂತು, ಪೇಂಟರುಗಳು ಹೋದರು. ಗಿರಾಕಿಗಳು ಪೆನ್‌ಡ್ರೈವಿನಲ್ಲಿ, ಬರಬರುತ್ತ ವಾಟ್ಸಾಪಿನಲ್ಲಿ, ಚಿತ್ರ ಕಳಿಸತೊಡಗಿದರು. ಚನ್ನಪಟ್ಟಣದ ಬೊಂಬೆಯ ಫೋಟೋ ಆದರೆ ಸ್ವಲ್ಪ ಮಸುಕಾದರೂ ಸಾಗುತ್ತದೆ. ನಕ್ಷೆಗೆ ಆ ಮಾಫಿ ಇಲ್ಲ. ಕನಕಪುರದ ಕಡೆಯ ಒಂದು ರೈತರ ಸಭೆಗೆ ರೇಷ್ಮೆಗೂಡಿನ ದರದ ನಕ್ಷೆ ಬೇಕಾಗಿತ್ತು: ಹನ್ನೆರಡು ತಿಂಗಳು, ಮಿಶ್ರತಳಿಗೊಂದು ಗೆರೆ, ಬೈವೋಲ್ಟೈನ್‌ಗೊಂದು. ಬಂದದ್ದು 640 ಪಿಕ್ಸೆಲ್ ಅಗಲದ ಪಿಎನ್‌ಜಿ. ಪೋಸ್ಟರಿನಲ್ಲಿ ಅದಕ್ಕೆ 24 ಇಂಚು ಜಾಗ. ಭಾಗಿಸಿ ನೋಡಿದರೆ ಇಂಚಿಗೆ 27 ಚುಕ್ಕಿ, ಅಂದರೆ ಒಂದೊಂದು ಚುಕ್ಕಿಯೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಏರುವ ಗೆರೆ ಮೆಟ್ಟಿಲಾಗುತ್ತದೆ, ತಿಂಗಳ ಹೆಸರು ಓದಲಾಗುವುದಿಲ್ಲ. ಫೋಟೋಶಾಪಿನಲ್ಲಿ 72 ಅಳಿಸಿ 300 ಎಂದು ಬರೆದರೆ ಸರಿಹೋಗುತ್ತದೆ ಎಂದು ನಂಬಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹಾಗೆ ಮಾಡಿದರೆ ಹೊಸ ವಿವರ ಹುಟ್ಟುವುದಿಲ್ಲ. (ಗೂಡಿನ ಬಣ್ಣವೇ ಇರಲಿ ಎಂದು ಮಿಶ್ರತಳಿಗೆ ಹಳದಿ ಗೆರೆ ಬೇರೆ ಹಾಕಿದ್ದರು! ಬಿಳಿ ಕಾಗದದ ಮೇಲೆ ಅದು ಕಾಣುವುದು ಅಷ್ಟರಲ್ಲೇ ಇತ್ತು.)

ಹಾಗಾದರೆ ಎಸ್‌ವಿಜಿ ತೆಗೆದುಕೊಂಡರೆ ಮುಗಿಯಿತೇ? ಇಂಗ್ಲಿಷ್ ನಕ್ಷೆಗೆ ಬಹುಪಾಲು ಮುಗಿಯಿತು. ಕನ್ನಡದ್ದಾದರೆ ತೊಡಕು ಶುರುವಾಗುವುದೇ ಅಲ್ಲಿ. ನುಡಿ, ಬರಹಗಳ ಹಳೆಯ ಫಾಂಟಿನ ಕಾಲದಲ್ಲಿ ಕೋರೆಲ್‌ನಲ್ಲಿ ಒತ್ತು ಕೂಡಿಸಿದರೆ ಕೂಡಿಸಿದಲ್ಲೇ ನಿಲ್ಲುತ್ತಿತ್ತು. ಅದೇ ಅಕ್ಷರವನ್ನು ವೆಬ್‌ಸೈಟಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳು ಬರುತ್ತಿದ್ದವು. ಯೂನಿಕೋಡ್ ಬಂದ ಮೇಲೆ ಅದು ತಿರುಗುಮುರುಗಾಯಿತು. ಎಸ್‌ವಿಜಿಯೊಳಗೆ ಸಾಮಾನ್ಯವಾಗಿ ಇರುವುದು ಪಠ್ಯ ಮತ್ತು ಫಾಂಟಿನ ಹೆಸರು, ಅಷ್ಟೆ. ಮುದ್ರಣದ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ, ಇಲ್ಲವೇ ಬರೀ ಡಬ್ಬಿಗಳು ಕಾಣುತ್ತವೆ. ಹಳೆಯ ತಂತ್ರಾಂಶವಾದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಪರೀಕ್ಷೆಗೆ ತಿಂಗಳ ಹೆಸರುಗಳೇ ಸಾಕು: ಮಾರ್ಚ್‌ನ ಅರ್ಕಾವತ್ತು, ಏಪ್ರಿಲ್‌ನ ರಒತ್ತು, ಅಕ್ಟೋಬರ್‌ನ ಟಒತ್ತು. ಮೂರೂ ನೆಟ್ಟಗಿದ್ದರೆ ಉಳಿದದ್ದೂ ಸಾಮಾನ್ಯವಾಗಿ ನೆಟ್ಟಗಿರುತ್ತದೆ.

ಅಕ್ಷರ ಸರಿಯಾಗಿ ಕಾಣುವ ಕಂಪ್ಯೂಟರಿನಲ್ಲೇ ಅದನ್ನು ಗೆರೆಯಾಗಿಸಿ ಮುದ್ರಣಕ್ಕೆ ಕಳಿಸುವುದು ಇದಕ್ಕೆ ಪರಿಹಾರ. ನಮ್ಮಲ್ಲಿ ಇದನ್ನು ‘ಕರ್ವ್ ಮಾಡುವುದು’ ಎನ್ನುತ್ತೇವೆ. ಇಂಕ್‌ಸ್ಕೇಪ್‌ನಲ್ಲಿ ಒಂದೇ ಸಾಲಿನ ಕೆಲಸ. ಎರಡನೆಯ ಸಾಲು ಎಸ್‌ವಿಜಿ ಬೇಡವೆನ್ನುವ ಅಂಗಡಿಗೆ ಪಿಎನ್‌ಜಿ ತೆಗೆಯುತ್ತದೆ.

```
inkscape dara.svg --export-text-to-path --export-plain-svg --export-filename=dara-print.svg
inkscape dara.svg --export-type=png --export-width=3600 --export-filename=dara-3600.png
```

ಆ 3600 ಬಂದದ್ದು 24 ಇಂಚಿಗೆ, ಇಂಚೊಂದಕ್ಕೆ 150 ಚುಕ್ಕಿಯಂತೆ. ಗೋಡೆಯ ಪೋಸ್ಟರಿಗೆ ಅಷ್ಟು ಸಾಕು. ಕೈಯಲ್ಲಿ ಹಿಡಿದು ಓದುವ ಕರಪತ್ರವಾದರೆ 300 ಬೇಕು. ಕರ್ವ್ ಮಾಡಿದ ಕಡತದಲ್ಲಿ ಕಾಗುಣಿತ ತಿದ್ದಲಾಗದು, ಆದ್ದರಿಂದ ಮೂಲ ಕಡತ ಬೇರೆ ಇರಲೇಬೇಕು.

ವೆಬ್‌ಸೈಟಿಗೆ ಮಾತ್ರ ಕರ್ವ್ ಮಾಡಬೇಡಿ ಎನ್ನುತ್ತೇನೆ. ಪುಟದಲ್ಲೇ ಸೇರಿಸಿದ ಎಸ್‌ವಿಜಿಯಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿದರೆ ಹುಡುಕಿದಾಗ ಸಿಗುತ್ತದೆ, ಕಣ್ಣು ಕಾಣದವರಿಗೆ ಫೋನು ಓದಿ ಹೇಳಬಲ್ಲದು. ಆದರೆ `<img>` ಮೂಲಕ ತೋರಿಸಿದರೆ ಪುಟದ ವೆಬ್‌ಫಾಂಟ್ ಆ ಚಿತ್ರದೊಳಗೆ ತಲುಪುವುದಿಲ್ಲ. ಓದುಗರ ಫೋನಿನಲ್ಲಿರುವ ಕನ್ನಡ ಫಾಂಟೇ ಗತಿ.

ಎಸ್‌ವಿಜಿ ಸೋಲುವ ಜಾಗವೂ ಇದೆ. ತಿಂಗಳ ಸರಾಸರಿಯ ಎರಡು ಗೆರೆ ಕೆಲವೇ ಕಿಲೋಬೈಟಿನಲ್ಲಿ ಮುಗಿಯುತ್ತದೆ. ಅದನ್ನು ಬಿಟ್ಟು ವರ್ಷದ ಹರಾಜಿನ ಒಂದೊಂದು ಲಾಟಿಗೂ ಒಂದು ಚುಕ್ಕಿ ಇಡುತ್ತೇನೆಂದರೆ, ಇಪ್ಪತ್ತು ಸಾವಿರ ಲಾಟು ಎಂದಿಟ್ಟುಕೊಳ್ಳಿ, ಒಂದಕ್ಕೆ ನೂರು ಬೈಟ್ ಹಿಡಿದರೂ ಕಡತ ಎರಡು ಮೆಗಾಬೈಟ್ ಆಗುತ್ತದೆ. ಅಷ್ಟೂ ಚುಕ್ಕಿಯನ್ನು ಬಿಡಿಸಲು ಅಗ್ಗದ ಫೋನು ತಿಣುಕಾಡುತ್ತದೆ. ಅಲ್ಲಿ ಪಿಎನ್‌ಜಿಯೇ ಲೇಸು.

ಮಾಗಡಿ ಕಡೆಯಿಂದ ಈಗಲೂ ನಕ್ಷೆಗಳು ವಾಟ್ಸಾಪಿನಲ್ಲೇ ಬರುತ್ತವೆ. ಬರಲಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳಿಸಿ, ಜೊತೆಗೆ ಪೋಸ್ಟರ್ ಎಷ್ಟು ಇಂಚೆಂದು ಬರೆಯಿರಿ.