ಹೊಡೆದುಹಾಕಿದ ಎರಡು ಮಾತು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾದಾಗ ನನಗೆ ಮೊದಲು ನೆನಪಾದುದು ನನ್ನದೇ ಒಂದು ತಪ್ಪು. ಇಂಥ ಸಂಚಿಕೆಗಳಿಗೆ ಬಂದ ಲೇಖನಗಳನ್ನು ಅನೇಕ ವರ್ಷ ತಿದ್ದಿದವನು ನಾನು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಧ್ಯಾಪಕ ಮಿತ್ರರು ತಮ್ಮ ಪ್ರಬಂಧಗಳನ್ನೂ ಪದವಿಗಾಗಿ ಬರೆದ ಸಂಶೋಧನೆಯ ಅಧ್ಯಾಯಗಳನ್ನೂ ನನ್ನ ಕೈಗೆ ಕೊಡುತ್ತಿದ್ದರು. ಕೆಂಪು ಮಸಿಯ ಲೇಖನಿ ಹಿಡಿದು ಹೆಚ್ಚಿನ ಮಾತುಗಳನ್ನು ಹೊಡೆದುಹಾಕುವುದರಲ್ಲಿ ನನಗೊಂದು ಸಂತೋಷವಿತ್ತು. ಆ ಸಂತೋಷ ಎಲ್ಲಿ ದಾರಿ ತಪ್ಪಿತೆಂಬುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಗುಡಿಯ ಗೋಡೆಗೆ ಆನಿಸಿಟ್ಟ ಒಂದು ಶಾಸನವನ್ನು ಕುರಿತು ಹಿರಿಯ ಮಾಸ್ತರರೊಬ್ಬರು ಲೇಖನ ಬರೆದಿದ್ದರು. ಅದರ ಎರಡು ವಾಕ್ಯಗಳು ಹೀಗಿದ್ದವು: "ಪ್ರಸ್ತುತ ಲೇಖನದಲ್ಲಿ ಅಧ್ಯಯನಕ್ಕಾಗಿ ಆಯ್ದುಕೊಳ್ಳಲಾಗಿರುವಂತಹ ಸದರಿ ಶಿಲಾಶಾಸನದ ಕಲ್ಲಿನಲ್ಲಿ ಕಾಲದ ಉಲ್ಲೇಖವು ಕಂಡುಬರುವುದಿಲ್ಲವೆಂಬ ಅಂಶವನ್ನು ನಾವು ಇಲ್ಲಿ ಮುಖ್ಯವಾಗಿ ಗಮನಿಸಬೇಕಾಗಿರುತ್ತದೆ. ಆದಾಗ್ಯೂ ಕೂಡ ಲಿಪಿಯ ಸ್ವರೂಪದ ಆಧಾರದ ಮೇಲಿಂದ ಸದರಿ ಶಾಸನವು ಸುಮಾರು 12ನೆಯ ಶತಮಾನದ ಕಾಲಾವಧಿಗೆ ಸೇರಿದ್ದಿರಬಹುದೆಂದು ಹೇಳಬಹುದಾಗಿದೆ ಎಂಬ ಅಭಿಪ್ರಾಯಕ್ಕೆ ಬರಲಾಗಿದೆ."

ಒಟ್ಟು 32 ಪದ. ಇದನ್ನು ಓದಿ ನಾನು ನಕ್ಕೆ. ಶಾಸನವೆಂದ ಮೇಲೆ ಮತ್ತೆ 'ಶಿಲಾ' ಏಕೆ, 'ಕಲ್ಲು' ಏಕೆ? 'ಆದಾಗ್ಯೂ' ಎಂಬಲ್ಲಿರುವ 'ಊ'ಕಾರವೇ 'ಕೂಡ' ಎಂಬರ್ಥ ಕೊಡುತ್ತಿರುವಾಗ ಮತ್ತೊಂದು 'ಕೂಡ' ಏಕೆ? ಶತಮಾನವೇ ಒಂದು ಕಾಲಾವಧಿಯಲ್ಲವೆ? ಹೀಗೆ ಗೆರೆ ಎಳೆಯುತ್ತ ಹೋದ ನಾನು ಕೊನೆಗೆ ನಾಲ್ಕು ಪದ ಉಳಿಸಿದೆ: "ಈ ಶಾಸನವು 12ನೆಯ ಶತಮಾನದ್ದು." ಅದು ಹಾಗೆಯೇ ಅಚ್ಚಾಯಿತು.

ಮರುವರ್ಷ ಆ ಹಳ್ಳಿಗೆ ಹೋದಾಗ ಗುಡಿಯ ಮುಂದೆ ಹೊಸದೊಂದು ಫಲಕ ನಿಂತಿತ್ತು. ಭಕ್ತರೊಬ್ಬರು ತಮ್ಮ ಖರ್ಚಿನಿಂದ ಬರೆಸಿದ್ದರು. ಅದರಲ್ಲಿ ಆ ಕಲ್ಲು 'ಬಸವಣ್ಣನವರ ಕಾಲದ ಶಾಸನ' ಆಗಿಹೋಗಿತ್ತು. 12ನೆಯ ಶತಮಾನವೆಂದರೆ ನಮ್ಮ ಜನಕ್ಕೆ ಕಲ್ಯಾಣ, ಕಲ್ಯಾಣವೆಂದರೆ ಬಸವಣ್ಣನವರು. ಅವರ ಭಕ್ತಿಯಲ್ಲಿ ದೋಷವಿಲ್ಲ. ಆ ಭಕ್ತರು ಓದಿದುದು ನಾನು ತಿದ್ದಿದ ವಾಕ್ಯವನ್ನು. ಮಾಸ್ತರರು ನನ್ನ ಪಕ್ಕದಲ್ಲೇ ಇದ್ದರು. ಫಲಕವನ್ನು ಓದಿ, ಸಿಟ್ಟು ಮಾಡದೆ, "ನಾ ಹಿಂಗ ಬರದಿದ್ದಿಲ್ರಿ ಸರ್. 'ಲಿಪಿಯಿಂದ' ಅಂತ ಇತ್ತು, 'ಸುಮಾರು' ಅಂತ ಇತ್ತು. ಆ ಎರಡು ಮಾತು ಎಲ್ಲಿ ಹೋದವು?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಆ ಎರಡು ವಾಕ್ಯಗಳನ್ನು ಮತ್ತೆ ಬಿಡಿಸಿ ನೋಡಿದೆವು. ಆಗ ನನಗೆ ಹೊಳೆದ ಮೊದಲ ಸಂಗತಿ ಕನ್ನಡದ ವಾಕ್ಯರಚನೆಗೆ ಸಂಬಂಧಿಸಿದ್ದು. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆದುದರಿಂದ ಹೊಟ್ಟು ಸೇರಿಕೊಳ್ಳುವುದೂ ಹೆಚ್ಚಾಗಿ ಕೊನೆಯಲ್ಲಿಯೇ. 'ಸೇರಿದ್ದಿರಬಹುದು' ಎಂಬಲ್ಲಿ ಮಾತು ಮುಗಿದಿತ್ತು. ಅದರ ಬಾಲಕ್ಕೆ 'ಎಂದು ಹೇಳಬಹುದಾಗಿದೆ' ಎಂಬುದೂ, ಆ ಬಾಲಕ್ಕೆ 'ಎಂಬ ಅಭಿಪ್ರಾಯಕ್ಕೆ ಬರಲಾಗಿದೆ' ಎಂಬುದೂ ಅಂಟಿಕೊಂಡಿದ್ದವು. ಸಂಶಯ ಒಂದೇ, ಅದನ್ನು ಹೇಳಿದ್ದು ಮೂರು ಸಲ. ಮೂರು ಸಲ ಹೇಳಿದ್ದರಿಂದ ಅದು ಹೆಚ್ಚು ಖಚಿತವಾಗಲಿಲ್ಲ. ಓದುವವನಿಗೆ ನಿಜವಾದ ಸಂಶಯ ಯಾವುದು, ವಿನಯದ ರೂಢಿಮಾತು ಯಾವುದು ಎಂಬುದೇ ತಿಳಿಯದಾಯಿತು. ಹಾಗೆ ಬೆರೆತುಹೋದುದರಿಂದಲೇ ನಾನೂ ಮೂರನ್ನೂ ಒಟ್ಟಿಗೆ ಕಿತ್ತೆಸೆದಿದ್ದೆ. ಆದುದರಿಂದ ವಾಕ್ಯವನ್ನು ತಿದ್ದುವವನು ಕೊನೆಯಿಂದ ಹಿಂದಕ್ಕೆ ಬರಬೇಕು. ಕೆಲಸಮಾಡುವ ಕ್ರಿಯಾಪದ ಸಿಕ್ಕೊಡನೆ ನಿಲ್ಲಬೇಕು.

ಎರಡನೆಯದಾಗಿ, ಒಂದೊಂದು ಪದಕ್ಕೂ ಒಂದು ಪ್ರಶ್ನೆ ಹಾಕಿದೆವು: ಈ ಪದವನ್ನು ತೆಗೆದರೆ ಓದುವವನು ಯಾವ ಸುಳ್ಳನ್ನು ನಂಬಬಹುದು? 'ಪ್ರಸ್ತುತ ಲೇಖನದಲ್ಲಿ', 'ನಾವು ಇಲ್ಲಿ ಮುಖ್ಯವಾಗಿ ಗಮನಿಸಬೇಕಾಗಿರುತ್ತದೆ' ಎಂಬವನ್ನು ತೆಗೆದರೆ ಯಾವ ಸುಳ್ಳೂ ಹುಟ್ಟುವುದಿಲ್ಲ, ಅವು ಹೋಗಲಿ. 'ಲಿಪಿಯ' ಎಂಬುದನ್ನು ತೆಗೆದರೆ ಕಲ್ಲಿನ ಮೇಲೆಯೇ ಕಾಲ ಬರೆದಿದೆಯೆಂದು ನಂಬಿಬಿಡುತ್ತಾನೆ. ಶಕವರ್ಷ, ಸಂವತ್ಸರ, ತಿಥಿಗಳನ್ನು ಹೇಳುವ ಶಾಸನಕ್ಕೂ ಅಕ್ಷರದ ಬಳಸುಬಾಗುಗಳನ್ನು ನೋಡಿ ಕಾಲವನ್ನು ಊಹಿಸಬೇಕಾದ ಶಾಸನಕ್ಕೂ ಇರುವ ಅಂತರ ಆ ಒಂದು ಪದದಲ್ಲಿತ್ತು. ಅದು ಇರಲೇಬೇಕು.

'ಕಂಡುಬರುವುದಿಲ್ಲ' ಎಂಬುದನ್ನು 'ಇಲ್ಲ' ಎಂದು ತಿದ್ದಲು ಹೊರಟಾಗ ಮಾಸ್ತರರು ನನ್ನ ಕೈ ತಡೆದರು. "ಕಲ್ಲಿನ ಮ್ಯಾಲಿನ ಭಾಗ ಒಡದದರಿ ಸರ್" ಎಂದರು. ನಮ್ಮ ಕಡೆಯ ದತ್ತಿ ಶಾಸನಗಳಲ್ಲಿ ಸಾಮಾನ್ಯವಾಗಿ ಮೊದಲು ಅರಸರ ಪ್ರಶಸ್ತಿ, ಆಮೇಲೆ ಕಾಲ, ತರುವಾಯ ದಾನದ ವಿವರ ಬರುತ್ತವೆ. ಮೇಲ್ಭಾಗ ಹೋಗಿದ್ದರೆ ಕಾಲವೂ ಅದರೊಡನೆ ಹೋಗಿರಬಹುದು. ಅಂದರೆ ಕಾಲವನ್ನು ಬರೆದೇ ಇರಲಿಲ್ಲವೆಂದು ಹೇಳಲು ಬಾರದು. ಅವರಿಗೆ ಇದು ಗೊತ್ತಿತ್ತು; ಆದರೆ 32 ಪದಗಳಲ್ಲಿ ಎಲ್ಲಿಯೂ ಒಡೆದ ಕಲ್ಲಿನ ಮಾತು ಬಂದಿರಲಿಲ್ಲ. 'ಕಂಡುಬರುವುದಿಲ್ಲ' ಎಂಬ ಒಂದು ಮಸುಕು ಪದದ ಹಿಂದೆ ಅದು ಅಡಗಿಕೊಂಡಿತ್ತು.

ಕೊನೆಗೆ ಉಳಿದುದು 'ಸುಮಾರು'. "ಮಾಸ್ತರೇ, ಸುಮಾರು ಅಂದರೆ ಎಷ್ಟು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, 11ನೆಯ ಶತಮಾನದ ಕೊನೆಯದೂ ಆಗಿರಬಹುದು, 12ನೆಯದಕ್ಕಿಂತ ಈಚಿನದಾಗಲಾರದು ಎಂದರು. ಹಾಗಿದ್ದರೆ 'ಸುಮಾರು' ಎಂಬ ಒಂದು ಪದಕ್ಕಿಂತ ಆ ಎರಡು ಎಲ್ಲೆಗಳನ್ನೇ ಬರೆಯುವುದು ಮೇಲು. ಅಲ್ಲಿ ಪದಗಳು ಹೆಚ್ಚಾದರೂ ಚಿಂತೆಯಿಲ್ಲ. ಹೀಗೆ ಸಿದ್ಧವಾದ ವಾಕ್ಯಗಳು ಇವು: "ಕಲ್ಲಿನ ಮೇಲ್ಭಾಗ ಒಡೆದಿದೆ, ಉಳಿದ ಸಾಲುಗಳಲ್ಲಿ ಕಾಲದ ಉಲ್ಲೇಖವಿಲ್ಲ. ಲಿಪಿಯನ್ನು ನೋಡಿದರೆ ಇದು 11ನೆಯ ಶತಮಾನದ ಕೊನೆಯದೋ 12ನೆಯ ಶತಮಾನದ್ದೋ ಇರಬೇಕು." ಎಣಿಸಿದರೆ 16 ಪದ, ಮೊದಲಿನದರ ಸರಿ ಅರ್ಧ. ಮೊದಲಿನದರಲ್ಲಿ ಇಲ್ಲದ ಎರಡು ಸಂಗತಿಗಳು ಇದರಲ್ಲಿವೆ. ನನ್ನ ನಾಲ್ಕು ಪದಗಳ ವಾಕ್ಯ ಇದಕ್ಕಿಂತ ಚಿಕ್ಕದು ನಿಜ. ಆದರೆ ಅದು ಚಿಕ್ಕದಾದುದು ಸತ್ಯವನ್ನು ಕಡಿದು.

ಆ ಮೇಲೆ ಬೇರೆಯವರ ಬರಹಗಳನ್ನು ನೋಡುವಾಗಲೂ ಈ ಪ್ರಶ್ನೆ ನನ್ನೊಡನೆ ಬಂತು. ಜೇವರ್ಗಿ ತಾಲ್ಲೂಕಿನ ಯುವ ಅಧ್ಯಾಪಕರೊಬ್ಬರು, ತಂದೆತಾಯಿಗಳು ಕಬ್ಬು ಕಡಿಯಲು ಗುಳೆ ಹೋದಾಗ ಮಕ್ಕಳ ಶಾಲೆ ತಪ್ಪುವುದನ್ನು ಕುರಿತು ಪ್ರಬಂಧ ಬರೆದಿದ್ದರು. ಅದರಲ್ಲಿ "ಪಾಲಕರಿಂದ ಮಾಹಿತಿಯ ಸಂಗ್ರಹಣೆಯನ್ನು ಮಾಡಲಾಯಿತು" ಎಂದಿತ್ತು. ಮಾಡಿದವರು ಯಾರು ಎಂದೆ. "ನಾನೇರಿ" ಎಂದರು. ಪಾಲಕರು ಯಾರು? ಅವರದೇ ತರಗತಿಯ ಮಕ್ಕಳ ತಂದೆತಾಯಿಗಳು. ಮಗನನ್ನು ಶಾಲೆ ಬಿಡಿಸಿದ್ದೇಕೆಂದು ಆ ಮಗನ ಮಾಸ್ತರರೇ ಮುಂದೆ ಕುಳಿತು ಕೇಳಿದರೆ ತಂದೆ ಕೊಡುವ ಉತ್ತರ ಬೇರೆ, ಅಪರಿಚಿತನೊಬ್ಬ ಕೇಳಿದರೆ ಕೊಡುವ ಉತ್ತರ ಬೇರೆ. 'ಮಾಡಲಾಯಿತು' ಎಂಬ ಕರ್ಮಣಿ ಪ್ರಯೋಗ ಈ ದೊಡ್ಡ ಸಂಗತಿಯನ್ನು ನುಂಗಿಹಾಕಿತ್ತು. "ನನ್ನ ತರಗತಿಯ ಮಕ್ಕಳ ಪಾಲಕರನ್ನು ನಾನೇ ಕೇಳಿದೆ" ಎಂದು ಬರೆಯಿರಿ ಎಂದೆ. ಪ್ರಬಂಧದಲ್ಲಿ 'ನಾನು' ಎಂದು ಬರೆಯುವುದು ಅಹಂಕಾರವಾಗದೆ ಎಂದು ಅವರಿಗೆ ಸಂಕೋಚ. ಕೆಲಸದ ಹೊಣೆಯನ್ನು ಹೊತ್ತುಕೊಳ್ಳುವುದು ಅಹಂಕಾರವಲ್ಲವೆಂದು ತಿಳಿಹೇಳಬೇಕಾಯಿತು. ಹಾಗೆಂದು ಕರ್ಮಣಿ ಪ್ರಯೋಗವನ್ನು ಎಲ್ಲೆಡೆಯೂ ಅಟ್ಟಬೇಕಾಗಿಲ್ಲ. ವಿಜ್ಞಾನದ ಪಾಠದಲ್ಲಿ "ಕಾಳುಗಳನ್ನು 8 ಗಂಟೆ ನೆನೆಸಲಾಯಿತು" ಎಂದರೆ ಸಾಕು. ಯಾರು ನೆನೆಸಿದರೂ ಕಾಳು ನೆನೆಯುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಕಲಿಸಿದುದು ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನು ಕುರಿತ ಒಂದು ಲೇಖನ. ಒಂದೇ ಪದ ಎರಡು ಸಲ ಬರಬಾರದೆಂದು ಶಾಲೆಯಲ್ಲಿ ಕಲಿತ ಲೇಖಕರು, ಅಮರ್ಜಾ ನದಿ ಅಲ್ಲಿ ಭೀಮಾ ನದಿಯನ್ನು ಸೇರುತ್ತದೆಂದು ಬರೆದು, ಮುಂದಿನ ವಾಕ್ಯದಲ್ಲಿ "ಈ ಪವಿತ್ರ ಸರಿತೆಯು ಜೇವರ್ಗಿಯತ್ತ ಹರಿಯುತ್ತದೆ" ಎಂದಿದ್ದರು. ಯಾವ ಸರಿತೆ? ಈ ಸೀಮೆಯವರಿಗೆ ಭೀಮೆಯೆಂದು ಗೊತ್ತು. ದೂರದ ಓದುಗನಿಗೆ ಗೊತ್ತಾಗುವುದೆಂತು? ಅಲ್ಲಿ 'ಭೀಮಾ' ಎಂದೇ ಮತ್ತೆ ಬರೆಯಬೇಕು. ಹೆಸರು ಮರಳಿ ಬಂದರೆ ಅದು ಹೊಟ್ಟಲ್ಲ. ಹೆಸರು ತಪ್ಪಿಸಲು ತಂದ ಅಲಂಕಾರವೇ ಹೊಟ್ಟು. ಹಳೆಯ ಲಾಕ್ಷಣಿಕರಿಗೆ ಈ ವಿವೇಕವಿತ್ತು. ದಂಡಿಯು ತನ್ನ 'ಕಾವ್ಯಾದರ್ಶ'ದಲ್ಲಿ ಹೇಳಿದ್ದನ್ನೇ ವಿಶೇಷವಿಲ್ಲದೆ ಮತ್ತೆ ಹೇಳುವುದನ್ನು 'ಏಕಾರ್ಥ'ವೆಂಬ ದೋಷವಾಗಿ ಎಣಿಸಿದ. ಅನುಕಂಪೆಯೇ ಮೊದಲಾದವು ಉಕ್ಕಿ ಬಂದಾಗ ಅದು ದೋಷವಲ್ಲವೆಂದೂ ಹೇಳಿದ. ಆ ದಂಡಿಯ ದಾರಿಯನ್ನು ಬಹುಮಟ್ಟಿಗೆ ಹಿಡಿದ 'ಕವಿರಾಜಮಾರ್ಗ'ವು 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅವನ ರಾಜಧಾನಿ ಮಾನ್ಯಖೇಟವು ನಮ್ಮ ಜಿಲ್ಲೆಯದೇ ಆದ ಇಂದಿನ ಮಳಖೇಡ. ಆ ಗ್ರಂಥದ ಮೊದಲ ಪರಿಚ್ಛೇದದ ಹೆಸರಿನಲ್ಲಿಯೇ ದೋಷವೂ ಅದೋಷವೂ ಜೊತೆಯಾಗಿ ನಿಂತಿವೆ. ಅವರು ಹೇಳಿದ್ದು ಕಾವ್ಯಕ್ಕೆ. ಶಾಸ್ತ್ರದ ಗದ್ಯದಲ್ಲಿ ಅನುಕಂಪೆಯ ಸ್ಥಾನದಲ್ಲಿ ಸ್ಪಷ್ಟತೆಯನ್ನು ಇಟ್ಟುಕೊಂಡರೆ ನಮಗೂ ಸಲ್ಲುತ್ತದೆ.

ಈಗಲೂ ಲೇಖನಗಳು ನನ್ನ ಕೈಗೆ ಬರುತ್ತವೆ. ಒಂದು ನಿಯಮವನ್ನು ಮಾತ್ರ ಮೀರುವುದಿಲ್ಲ. ಹೊಡೆದುಹಾಕಿದ ಪ್ರತಿಯನ್ನು ಅಚ್ಚಿಗೆ ಕಳುಹಿಸುವ ಮೊದಲು ಬರೆದವರಿಗೆ ತೋರಿಸುತ್ತೇನೆ. ಯಾವ ಪದ ಹೊಟ್ಟು, ಯಾವುದು ಕಾಳು ಎಂಬುದು ಹೊಲವನ್ನು ಕಂಡವರಿಗೆ ಗೊತ್ತು. ತೂರುವವನಿಗೆ ಗಾಳಿಯಷ್ಟೇ ಗೊತ್ತು.

ಆ ಮಾಸ್ತರರು ಈಗಿಲ್ಲ. ಮುಂದಿನ ಸಂಚಿಕೆಯಲ್ಲಿ ಅವರ 16 ಪದಗಳನ್ನು ತಿದ್ದುಪಡಿಯೆಂದು ಅಚ್ಚು ಮಾಡಿಸಿದೆವು. ಫಲಕ ಬರೆಸಿದ ಭಕ್ತರೂ ಅದನ್ನು ಓದಿ, ಯಾರೂ ಒತ್ತಾಯಿಸದೆ ತಾವೇ ಬಣ್ಣದವನನ್ನು ಕರೆತಂದು ಬರಹವನ್ನು ತಿದ್ದಿಸಿದರು. ಸಂಚಿಕೆಯ ಹಳೆಯ ಪ್ರತಿಗಳಲ್ಲಿ ಮಾತ್ರ ನನ್ನ ನಾಲ್ಕು ಪದಗಳು ಇಂದಿಗೂ ಹಾಗೆಯೇ ಇವೆ. ಗ್ರಂಥಾಲಯದಲ್ಲಿ ಅವನ್ನು ತೆರೆದು ನೋಡುವವರು ದಯವಿಟ್ಟು ಆ ಹಾಳೆಯ ಅಂಚಿನಲ್ಲಿ 'ಲಿಪಿಯಿಂದ' ಎಂದೊಂದು ಮಾತನ್ನು ಸೇರಿಸಿಕೊಂಡು ಓದಬೇಕೆಂದು ಪ್ರಾರ್ಥಿಸುತ್ತೇನೆ.